ಮೇಲಿನ ಸಾಲು ಯಾರದು

ಅಣ್ಣಿಗೇರಿಯ ಬಜಾರಿನಲ್ಲಿ ಒಂದು ಸೀರೆ ಅಂಗಡಿ. ಅದರ ಅಟ್ಟದಲ್ಲಿ ಮಾಲು ಇಡುವ ಒಂದು ಕೋಣೆ. ಆ ಕೋಣೆಯಲ್ಲಿ ಬಟ್ಟೆಯ ಗಂಟುಗಳ ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ನಾನು. ನನ್ನ ಕೆಲಸಕ್ಕೆ ಏನು ಹೆಸರು ಅಂತ ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ. ಶಲವಡಿಯಲ್ಲಿರುವ ನನ್ನವ್ವ ನೆರೆಮನೆಯವರಿಗೆ ಹೇಳುವುದು, "ನನ್ನ ಮಗಾ ಮೊಬೈಲಿನ್ಯಾಗ ಸೀರಿ ತೋರಸ್ತಾನ್ರಿ" ಅಂತ. ಕೇಳಿದವರು ಅವ್ವನನ್ನು ಮೇಲಿಂದ ಕೆಳಗೆ ನೋಡುತ್ತಾರಂತೆ. ನಾನೇ ಸೀರೆ ಉಟ್ಟುಕೊಂಡು ತೋರಿಸುತ್ತೇನೆ ಎಂದುಕೊಂಡಿರಬೇಕು. ಒಮ್ಮೆ ಅದನ್ನೂ ಮಾಡಿದ್ದೇನೆ, ಆ ಮಾತು ಬೇರೆ.

ನಾನು ಮಾಡುವುದು ಇಷ್ಟು. ಅಂಗಡಿಗೆ ಹೊಸ ಮಾಲು ಬಂದರೆ ಅದರ ಚಿಕ್ಕ ವೀಡಿಯೋ ತೆಗೆಯುತ್ತೇನೆ. ಅದರಲ್ಲಿ ಗಿರಾಕಿಯ ದನಿಯೂ ನನ್ನದೇ, ಅಂಗಡಿಯವನ ದನಿಯೂ ನನ್ನದೇ. ಸೆರಗು ಹಿಡಿದು ಬೆಳಕಿಗೆ ಒಡ್ಡಿ "ಬಣ್ಣಾ ಹೋಗತೈತೇನ್ರಿ?" ಎಂದು ಕೇಳುವ ಅತ್ತೆ, ಮೂಲೆಯಲ್ಲಿ ನಿಂತು ಹೆಂಡತಿಯ ಕೈಯನ್ನೇ ನೋಡುವ ಗಂಡ, ನಲವತ್ತು ಸೀರೆ ಬಿಚ್ಚಿಸಿ "ನಾಳಿ ಬರ್ತೀವ್ರಿ" ಅನ್ನುವ ಅಕ್ಕ-ತಂಗಿ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದಾರೆ. ಶಾಲೆಯಲ್ಲಿ ಮಾಸ್ತರರ ದನಿ ತೆಗೆದು ಅವರ ಮುಂದೆಯೇ ಸಿಕ್ಕಿಬಿದ್ದ ದಿನದಿಂದ ನನಗಿರುವುದು ಇದೊಂದೇ ವಿದ್ಯೆ.

ಈ ವಿದ್ಯೆಯ ಒಂದು ತೊಂದರೆ ಏನೆಂದರೆ, ಜನ ನನ್ನನ್ನು ಕಂಡರೆ "ಹೆಂಗದೀ?" ಅಂತ ಕೇಳುವುದಿಲ್ಲ. "ಲೇ, ಯಾರದರ ಒಂದ ಮಾಡಲೇ" ಅನ್ನುತ್ತಾರೆ. ಮಾಡುತ್ತೇನೆ. ನಗುತ್ತಾರೆ, ಬೆನ್ನಿಗೆ ಹೊಡೆಯುತ್ತಾರೆ, ಹೋಗುತ್ತಾರೆ. ಆಮೇಲೆ ನಾನು ಬಾಡಿಗೆ ಕೋಣೆಗೆ ಹೋಗಿ ಅನ್ನಕ್ಕೆ ಇಡುತ್ತೇನೆ. ಜ್ವರ ಬಂದು ನಾಲ್ಕು ದಿನ ಅಂಗಡಿಗೆ ಹೋಗದಿದ್ದಾಗ ಅವ್ವನಿಗೆ ಫೋನ್ ಮಾಡಿದ್ದೆ. "ಅವ್ವಾ, ಮೈಯಾಗ ಹುಷಾರಿಲ್ಲ" ಅಂದೆ. ಆಕೆ ನಕ್ಕಳು. "ಇದ ಯಾರ ದನೀಲೇ? ಅಗದಿ ಬರೋಬ್ಬರಿ ತಗದೀ" ಅಂದಳು.

ಅದಕ್ಕಿಂತ ದೊಡ್ಡ ತೊಂದರೆ ಅಂಗಡಿಯ ಕೆಲಸಕ್ಕೆ ಸೇರಿದ ಮೇಲೆ ಗೊತ್ತಾಯಿತು. ಜನ ಈ ವೀಡಿಯೋಗಳನ್ನು ಸದ್ದು ಬಂದ್ ಮಾಡಿಕೊಂಡು ನೋಡುತ್ತಾರೆ. ಬಸ್ಸಿನಲ್ಲಿ ಹಾಗೆಯೇ, ಅತ್ತೆ ಮಲಗಿರುವ ಮಧ್ಯಾಹ್ನದ ಪಡಸಾಲೆಯಲ್ಲಿ ಹಾಗೆಯೇ, ಕಾಲೇಜಿನ ಬೆಂಚಿನ ಕೆಳಗೆ ಹಾಗೆಯೇ. ಗಂಟಲು ಹರಿದುಕೊಂಡು ತೆಗೆದ ಆರು ದನಿಗಳಿಗೆ ಜನ ಕೊಡುವ ಗೌರವ ಇದು. ಹಾಗಾಗಿ ನನ್ನ ದನಿಯ ಕೆಲಸವೆಲ್ಲ ಬರಹಕ್ಕೆ ಬಂತು: ಪರದೆಯ ಮೇಲೆ ಮೂಡುವ ಸಾಲುಗಳು, ವೀಡಿಯೋದ ಕೆಳಗೆ ಹಾಕುವ ಬರಹ. ಎರಡಕ್ಕೂ ನಾವು ಕ್ಯಾಪ್ಷನ್ ಅಂತಲೇ ಅನ್ನುತ್ತಿದ್ದೆವು.

ಅಂಗಡಿಯ ಮಾಲಕರನ್ನು ನಾನು ಕಾಕಾ ಅನ್ನುತ್ತೇನೆ. ಅವರ ಮಗ ನವಲಗುಂದದ ಶಾಖೆ ನೋಡಿಕೊಳ್ಳುತ್ತಾರೆ, ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವುದು. ಅವರ ಹೆಂಡತಿ, ಅಂದರೆ ನನಗೆ ಅತ್ತಿಗೆಯ ಹಾಗೆ, ವೈನಿ, ಸೊಲ್ಲಾಪುರದವರು. ಅಂಗಡಿಯ ಫೋನ್ ಅವರ ಕೈಯಲ್ಲಿ. ನಾನು ವೀಡಿಯೋ ಮತ್ತು ಕನ್ನಡದ ಬರಹ ಕಳಿಸುತ್ತಿದ್ದೆ. ಅವರು ಅದಕ್ಕೆ ಇಂಗ್ಲಿಷ್ ಸೇರಿಸಿ ಪೇಜಿಗೆ ಹಾಕುತ್ತಿದ್ದರು, ಬಂದ ಆರ್ಡರುಗಳಿಗೆ ಉತ್ತರ ಕೊಡುತ್ತಿದ್ದರು. ಹಣದ ಗಲ್ಲೆಯ ಬಾಜು ಒಂದು ಸ್ಟೂಲು, ಮೊಣಕಾಲ ಮೇಲೆ ಫೋನು. ಆ ಫೋನ್ ಇದ್ದದ್ದಕ್ಕೇ ಅವರು ಅಂಗಡಿಯಲ್ಲಿ ಇದ್ದರು. ಅದು ಇಲ್ಲದ ಸೊಸೆಗೆ ಆ ಮನೆಯಲ್ಲಿ ಹಿಂದಿನ ಬಾಗಿಲು, ಅಡಿಗೆಮನೆ, ಸಂಜೆಯ ಧಾರಾವಾಹಿ. ಗಂಡ ನವಲಗುಂದದಲ್ಲಿ. ಮಾತಾಡಲು ಊರಲ್ಲಿ ಯಾರೂ ಗೆಳತಿಯರಿರಲಿಲ್ಲ.

ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿಗೆ ಅವರು ಚಹಾ ಹಿಡಿದು ಅಟ್ಟಕ್ಕೆ ಬರುತ್ತಿದ್ದರು. ಹೊಸ ಕ್ಯಾಪ್ಷನ್ ತೋರಿಸಿದರೆ ಫೋನನ್ನು ನನ್ನ ಕಡೆಗೇ ತಳ್ಳಿ, "ನೀವ ಓದ್ರಿ, ನಿಮ್ಮ ದನಿಯಾಗ ಕೇಳಿದ್ರನ ಮಜಾ" ಅನ್ನುತ್ತಿದ್ದರು. ಓದುತ್ತಿದ್ದೆ. ಅತ್ತೆಯ ದನಿ, ಗಂಡನ ದನಿ, ಅಕ್ಕ-ತಂಗಿಯರ ದನಿ. ಅವರು ಮೆಟ್ಟಿಲಿನ ಮೇಲೆ ಕೂತು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಇಡೀ ಊರು ಸದ್ದು ಬಂದ್ ಮಾಡಿಕೊಂಡು ನೋಡುವಾಗ ನನ್ನ ಬಾಯಿಂದಲೇ ಕೇಳಬೇಕು ಅನ್ನುವವರು ಇವರೊಬ್ಬರೇ. ನಾನು ಎಷ್ಟು ಉಬ್ಬಿದ್ದೆ ಅಂದರೆ, ಮಧ್ಯಾಹ್ನದ ಆ ಹೊತ್ತಿಗಾಗಿ ಬೆಳಿಗ್ಗೆಯಿಂದ ಬರೆಯುತ್ತಿದ್ದೆ.

ಮೊದಲು ನಾವು ಬರೆಯುತ್ತಿದ್ದದ್ದು ಚಿತ್ರಾನ್ನದ ಹಾಗೆ. ಯಾವ ಭಾಷೆ ಮೇಲೆ, ಯಾವುದು ಕೆಳಗೆ ಅಂತ ಯಾರೂ ತೀರ್ಮಾನ ಮಾಡಿರಲಿಲ್ಲ, ಹಾಗಾಗಿ ಒಂದರೊಳಗೆ ಇನ್ನೊಂದು ಕಲಸಿ ಹಾಕುತ್ತಿದ್ದೆವು. "New stock ಬಂದೈತಿ! Pure cotton ಸೀರಿ, daily wear ಗೆ best." ಕಾಲೇಜಿನ ಹುಡುಗಿಯರಿಗೆ ಅದು ಸಲೀಸು. ಅವರು ಮಾತಾಡುವುದೇ ಹಾಗೆ. ಆದರೆ ಬರೆದಾಗ ಅದು ಬೇರೆಯೇ ಕಾಣುತ್ತದೆ. ಇಂಗ್ಲಿಷ್ ಅಕ್ಷರಗಳು ಸಾಲಿನ ಮೇಲೆ ಕಡ್ಡಿ ನೆಟ್ಟ ಹಾಗೆ ನಿಲ್ಲುತ್ತವೆ. ಕನ್ನಡದವು ಗುಂಡಗೆ ಕೂತು, ಒತ್ತುಗಳನ್ನು ಸಾಲಿನ ಕೆಳಗೆ ಇಳಿಬಿಡುತ್ತವೆ. ಎರಡಕ್ಕೂ ಒಂದೇ ಅಳತೆ ಕೊಟ್ಟರೂ ಒಂದು ದೊಡ್ಡದು, ಒಂದು ಸಣ್ಣದು ಅನಿಸುತ್ತದೆ. ಸಾಲುಗಳ ನಡುವೆ ಜಾಗ ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತದೆ. ಸಾಲು ತಿರುಗುವಾಗ ಅದಕ್ಕಿಂತ ಕಷ್ಟ. ಇಂಗ್ಲಿಷ್ ಪದ ಮೇಲೆ ಉಳಿದು, ಅದಕ್ಕೆ ಅಂಟಬೇಕಾದ "ಗೆ" ಒಂದೇ ಕೆಳಗಿನ ಸಾಲಿಗೆ ಬಂದು, ಬಸ್ಸು ತಪ್ಪಿದವನ ಹಾಗೆ ಒಂಟಿಯಾಗಿ ನಿಂತಿರುತ್ತದೆ. ನನಗೆ ಆ "ಗೆ" ಮೇಲೆ ಯಾಕೋ ಪ್ರೀತಿ.

ಕಾಕಾನಿಗೆ ಇರಲಿಲ್ಲ. ಒಂದು ದಿನ ಚಾಳೀಸು ಮೂಗಿಗೆ ಏರಿಸಿಕೊಂಡು ಗಿರಾಕಿಗಳ ಮುಂದೆ ಓದಲು ಹೋಗಿ ಅವರು ಪ್ರತಿ ಇಂಗ್ಲಿಷ್ ಪದಕ್ಕೂ ನಿಂತರು. ನಿಂತು, ಹಿಂದಕ್ಕೆ ಬಂದು, ಮತ್ತೆ ಓಡಿ, ಮತ್ತೆ ನಿಂತರು.

"ಏನೋ ತಮ್ಮಾ ಇದು? ಹೊಲದಾಗ ಹೆಂಟಿ ಮ್ಯಾಲೆ ಸೈಕಲ್ ಹೊಡದಂಗ ಆತಲ್ಲೋ ಓದೂದು."

"ಮಾಡರ್ನ್ ಐತಿ ಕಾಕಾ."

"ನಿನ್ನ ಮಾಡರ್ನ್ ಹೊಳ್ಯಾಗ ಹಾಕು. ನಮ್ಮಲ್ಲಿ ಸೀರಿ ತೊಗೊಳ್ಳಾವ್ರು ಯಾರು? ಕಲಘಟಗಿ ಕಡೆಯವ್ರು, ಕುಂದಗೋಳ ಕಡೆಯವ್ರು. ಕನ್ನಡಾ ಮ್ಯಾಲಿರಲಿ. ಬೋರ್ಡಿಗೆ ಹೆಂಗೈತಿ? ಹಂಗ."

ವೈನಿ ಸ್ಟೂಲಿನ ಮೇಲಿಂದ ತಲೆ ಎತ್ತಿದರು. "ಇಂಗ್ಲಿಷ್ ಮ್ಯಾಲಿದ್ರ ಛಲೋ ಅದ ಮಾವಾರ. ಸೊಲ್ಲಾಪುರ, ಪುಣೆದವ್ರಿಗೆ ಕನ್ನಡಾ ಓದಾಕ ಬರೂದಿಲ್ಲ. ಅವ್ರೂ ಆರ್ಡರ್ ಮಾಡ್ತಾರ."

ಕಾಕಾ ಸೊಸೆಯ ಮಾತನ್ನು ಒಮ್ಮೆಗೇ ತಳ್ಳಿಹಾಕುವವರಲ್ಲ. "ಆತು, ಒಂದೀಟು ದಿವ್ಸ ನೀ ಹೇಳಿದಂಗ ಮಾಡಿ ನೋಡೂಣು" ಅಂದರು.

ಮಾಡಿ ನೋಡಿದೆವು. ಮೇಲೆ ಇಂಗ್ಲಿಷ್, ಕೆಳಗೆ ಕನ್ನಡ. ಫೋನಿನಲ್ಲಿ ವೀಡಿಯೋದ ಕೆಳಗಿನ ಬರಹ ಪೂರ್ತಿ ಕಾಣುವುದಿಲ್ಲ, ಮೊದಲಿನ ಒಂದೆರಡು ಸಾಲು ಮಾತ್ರ. ಉಳಿದದ್ದು ಬೇಕಾದರೆ "ಇನ್ನಷ್ಟು" ಅನ್ನುವುದನ್ನು ಒತ್ತಬೇಕು. ಒತ್ತುವಷ್ಟು ಪುರುಸೊತ್ತು ಯಾರಿಗಿದೆ? ನನ್ನ ಕನ್ನಡವೆಲ್ಲ ಆ ಒಂದು ಮಾತಿನ ಹಿಂದೆ ಹೋಗಿ ಕೂತುಬಿಟ್ಟಿತು. ಪರದೆಯ ಮೇಲಿನ ಸಾಲಿಗೂ ಇದೇ ಗತಿ. ಇಂಗ್ಲಿಷ್ ಮೇಲೆ, ಕನ್ನಡ ಕೆಳಗೆ ಅಂತ ಎರಡು ಸಾಲು ಹಾಕಿದರೆ, ಕೆಳಗಿನ ಕನ್ನಡದ ಮೇಲೆ ಪೇಜಿನ ಹೆಸರು ಬಂದು ಕೂರುತ್ತಿತ್ತು. ದೇವಿಕೊಪ್ಪದಿಂದ ಬಂದ ಒಬ್ಬ ಹಿರಿಯಾಕೆ ನನ್ನನ್ನೇ ನೇರ ಕೇಳಿದರು, "ಯಾಕೋ ಯಪ್ಪಾ, ಈಗ ನೀ ನಗಸೂದು ಬಿಟ್ಟಿಯೇನು? ಬರೇ ಇಂಗ್ಲಿಷ್ ಹಾಕ್ತೀ."

ನಾನು ನಗಿಸುತ್ತಲೇ ಇದ್ದೆ. ಅದು ಅವರಿಗೆ ತಲುಪುತ್ತಿರಲಿಲ್ಲ.

ಆಗ ಕಾಕಾ ಹಟ ಹಿಡಿದರು. ಕನ್ನಡ ಮೇಲೆ, ಅದೂ ಕಲಬೆರಕೆ ಇಲ್ಲದ್ದು. ಸ್ಟಾಕು, ಕಾಟನ್ನು ಎಲ್ಲ ಕನ್ನಡ ಅಕ್ಷರದಲ್ಲೇ. "ಅಂಕಿನೂ ಕನ್ನಡದಾವ ಹಾಕು, ಲಕ್ಷಣ ಕಾಣತೈತಿ." ಇಂಗ್ಲಿಷ್ ಬೇಕಾದರೆ ಕೆಳಗೆ. ನಾನು ಹಾಗೆಯೇ ಬರೆದೆ. ನೋಡಲು ನಿಜಕ್ಕೂ ಲಕ್ಷಣವಾಗಿತ್ತು. ಒಂದೇ ಲಿಪಿ ಇದ್ದಾಗ ಕಣ್ಣು ಎಲ್ಲೂ ಎಡವದೆ ಜಾರುತ್ತದೆ. ವೈನಿ ಆ ವಾರ ಅಟ್ಟಕ್ಕೆ ಹೆಚ್ಚು ಸಲ ಬಂದರು, ಒಂದೊಂದನ್ನೂ ಓದಿಸಿಕೊಂಡು ಹೋದರು. ನನ್ನ ದನಿಯ ಮೇಲಿನ ಅಭಿಮಾನ ಏರುತ್ತಿದೆ ಎಂದುಕೊಂಡು ನಾನು ಒಬ್ಬನೇ ಹಲ್ಲು ಕಿರಿದೆ.

ಅನಾಹುತ ಆದದ್ದು ಮದುವೆ ಸೀಜನ್ನಿನ ಮಾಲು ಬಂದಾಗ. ಗಡಿಬಿಡಿಯಲ್ಲಿ ಒಂದಿಷ್ಟು ವೀಡಿಯೋ ತೆಗೆದು, ಒಂದಿಷ್ಟು ಬರಹ ಬರೆದು, ಎಲ್ಲವನ್ನೂ ನಂಬರ್ ಹಾಕಿ ಒಟ್ಟಿಗೆ ಕಳಿಸಿದ್ದೆ. ಅಟ್ಟದಲ್ಲಿ ಕೂತು ಓದಿ ಹೇಳುವಷ್ಟು ಹೊತ್ತು ಅವತ್ತು ಇಬ್ಬರಿಗೂ ಇರಲಿಲ್ಲ. ವೀಡಿಯೋದಲ್ಲಿ ಸೀರೆಯ ಚೀಟಿಯ ಮೇಲೆ 6 ಮತ್ತು 9, ನನ್ನ ಬರಹದಲ್ಲಿ ೬ ಮತ್ತು ೯. ಕನ್ನಡ ಅಂಕಿಯ ಈ ಇಬ್ಬರು ಅಣ್ಣ-ತಮ್ಮಂದಿರನ್ನು ಅಭ್ಯಾಸ ಇಲ್ಲದವರು ಗುರುತಿಸುವುದು ಕಷ್ಟ. ಆದರೆ ಅಂಕಿ ತಪ್ಪಿದರೂ ಕೆಳಗಿನ ಮಾತು ಓದಿದರೆ ಯಾರಿಗಾದರೂ ಗೊತ್ತಾಗುತ್ತಿತ್ತು.

ಪೇಜಿಗೆ ಅದು ಅದಲುಬದಲಾಗಿ ಹೀಗೆ ಹೋಯಿತು. ಜರಿಯ ಕೆಂಪು ಮದುಮಗಳ ಸೀರೆಯ ಕೆಳಗೆ: "ವಯಸ್ಸಾದ ಅಮ್ಮಂದಿರಿಗೆ. ಮೈಗೆ ಚುಚ್ಚೂದಿಲ್ಲ, ಒಗದಷ್ಟು ಮೆತ್ತಗ, ಮೊಣಕಾಲ ನೋವಿದ್ದಾವ್ರಿಗೂ ಉಡಾಕ ಹಗರ." ಅಜ್ಜಿಯರ ಬೂದು ಬಣ್ಣದ ನೂಲಿನ ಸೀರೆಯ ಕೆಳಗೆ: "ಮದುಮಗಳೇ, ಇದನ್ನ ಉಟ್ಟ ಬಾ. ಮದುಮಗಾ ತಾಳಿ ಕಟ್ಟೂದ ಮರೀಬೇಕು!" ಎರಡರ ಕೆಳಗೂ ಇಂಗ್ಲಿಷ್ ಮಾತ್ರ ಸರಿಯಾಗಿತ್ತು. ವೈನಿ ಅದನ್ನು ಸೀರೆ ನೋಡಿ ಬರೆದಿದ್ದರು. ಹಾಗಾಗಿ ಪುಣೆಯವರಿಗೆ ಏನೂ ಗೊತ್ತಾಗಲಿಲ್ಲ. ನಮ್ಮ ತಾಲೂಕಿಗೆ ಎಲ್ಲ ಗೊತ್ತಾಯಿತು. ಸಂಜೆಯ ಹೊತ್ತಿಗೆ ಅಂಗಡಿಯ ಪೇಜಿನಲ್ಲಿ ಜನ ತಮ್ಮ ಅಜ್ಜಿಯರಿಗೆ ವರ ಹುಡುಕಲು ಶುರು ಮಾಡಿದ್ದರು. ನಾನು ಜನ್ಮದಲ್ಲಿ ಮಾಡಿದ ಯಾವ ನಗೆಚಾಟಿಕೆಗೂ ಇಷ್ಟು ನಗು ಬಂದಿರಲಿಲ್ಲ, ಅದು ನನ್ನ ಹೊಟ್ಟೆಯನ್ನೂ ಸ್ವಲ್ಪ ಉರಿಸಿತು.

ಕಾಕಾ ನಗಲಿಲ್ಲ. ಮದುಮಗಳ ಕಡೆಯವರೊಬ್ಬರು ಬಂದು ಗಲ್ಲೆಯ ಮುಂದೆ ನಿಂತು, "ನಮ್ಮ ಹುಡುಗಿ ಮೊಣಕಾಲು ಗಟ್ಟಿ ಅದಾವ್ರಿ" ಎಂದು ಹೇಳಿ ಹೋಗಿದ್ದರು. ಅವರು ಹೋದ ಮೇಲೆ ಕಾಕಾ ಸೊಸೆಯ ಕಡೆ ತಿರುಗಿದರು.

"ಹಾಕಾಕಿಂತ ಮೊದಲ ಒಂದ ಸಲ ಕಣ್ಣಾಡಸಬೇಕಲ್ಲೇನವಾ?"

"ತಪ್ಪಾತ್ರಿ ಮಾವಾರ."

"ಇಂಗ್ಲಿಷ್ ಒಂದೂ ತಪ್ಪಿಲ್ಲ. ಕನ್ನಡಾ ಅಷ್ಟ ತಪ್ಪೈತಿ. ಅಂದ್ರ ಏನು, ಕನ್ನಡದ ಕಡೆ ನೋಡೂದ ಬ್ಯಾಡ ಅಂತೇನು? ಅಷ್ಟ ಕೀಳೇನದು?"

ವೈನಿಯ ಮುಖ ಕೆಂಪಾಗಿತ್ತು. "ಹಂಗಲ್ಲರಿ" ಅಂದರು. ಫೋನನ್ನು ಮಗುಚಿ ಮೊಣಕಾಲ ಮೇಲೆ ಇಟ್ಟುಕೊಂಡರು.

"ಬರೂ ಅಮಾಸಿ ಪೂಜಿ ಆದಮ್ಯಾಲೆ ಒಂದ ನಿಕಾಲಿ ಮಾಡಿ ಮುಗಸೂಣು" ಅಂದರು ಕಾಕಾ. "ಮ್ಯಾಲೆ ಯಾವ್ದು, ಕೆಳಗ ಯಾವ್ದು, ಫೋನ್ ಯಾರ ಕೈಯಾಗ, ಎಲ್ಲಾ ಅವತ್ತ." ನಮ್ಮಲ್ಲಿ ಅಂಗಡಿಯವರು ಪ್ರತಿ ಅಮಾವಾಸ್ಯೆಗೆ ಗಲ್ಲೆಗೆ, ಬಟ್ಟೆ ಅಳೆಯುವ ಗಜಕಡ್ಡಿಗೆ ಪೂಜೆ ಮಾಡುತ್ತಾರೆ. ಏನಾದರೂ ಬದಲಾಯಿಸುವುದಿದ್ದರೆ ಕಾಯಿ ಒಡೆದ ಮೇಲೆಯೇ. ಅಮಾವಾಸ್ಯೆ ದೂರ ಇರಲಿಲ್ಲ. ಫೋನ್ ನನ್ನ ಕೈಗೆ ಬರುತ್ತದೆ, ಸ್ಟೂಲು ಖಾಲಿಯಾಗುತ್ತದೆ ಅಂತ ಮೂವರಿಗೂ ಗೊತ್ತಿತ್ತು.

ಮಾರನೇ ದಿನ ನನ್ನ ಗಂಟಲು ಕೂತಿತ್ತು. ಮದುವೆ ಮನೆಯ ಇಪ್ಪತ್ತು ಮಂದಿಯ ದನಿ ತೆಗೆದದ್ದರ ಫಲ. ವೈನಿ ಚಹಾ ತಂದರು. ಎರಡೂ ಕ್ಯಾಪ್ಷನ್ ಸರಿಮಾಡಿ ಇಟ್ಟಿದ್ದೆ, ಫೋನ್ ಚಾಚಿದೆ. ಅವರು ಎಂದಿನಂತೆ ನನ್ನ ಕಡೆಗೇ ತಳ್ಳಿದರು.

"ಓದ್ರಿ."

ನಾನು ಗಂಟಲು ತೋರಿಸಿ ಪಿಸುಗುಟ್ಟಿದೆ. "ದನಿ ಇಲ್ಲರಿ. ಇವತ್ತ ನೀವ ಓದ್ರಿ, ನಾ ಕೇಳ್ತೀನಿ."

ಅವರು ಫೋನ್ ನೋಡಿದರು. ಬಹಳ ಹೊತ್ತು ನೋಡಿದರು. ಓದುವವರ ಕಣ್ಣು ಎಡದಿಂದ ಬಲಕ್ಕೆ ಹೋಗುತ್ತದಲ್ಲ, ಅವರದು ಹೋಗಲಿಲ್ಲ. ಒಂದೇ ಕಡೆ ನಿಂತಿತ್ತು, ಗೋಡೆ ನೋಡುವವರ ಹಾಗೆ.

"ನನಗ ಓದಾಕ ಬರೂದಿಲ್ರಿ" ಅಂದರು.

ನಾನು ನಗಲು ಹೋದೆ. ನಗು ಬರಲು ಗಂಟಲು ಇರಲಿಲ್ಲ, ಅದೇ ಪುಣ್ಯ.

"ಸೊಲ್ಲಾಪುರದಾಗ ಮನ್ಯಾಗೆಲ್ಲಾ ಕನ್ನಡಾನ. ಸಾಲಿ ಮಾತ್ರ ಮರಾಠಿ. ಅಲ್ಲಿ ನಮ್ಮಂಥವ್ರು ಭಾಳ ಮಂದಿ ಅದಾರ. ನೋಡಾಕ ಬಂದಾಗ ಇವರೆಲ್ಲಾ ನನ್ನ ಕನ್ನಡಾ ಕೇಳಿ ಖುಷಿಯಾದ್ರು. ಓದಾಕ ಬರ್ತದೋ ಇಲ್ಲೋ ಅಂತ ಯಾರೂ ಕೇಳಲಿಲ್ಲ. ಬಂದಮ್ಯಾಲೆ ಹೇಳಾಕ ಆಗಲಿಲ್ಲ."

"ಮತ್ತ ಇಷ್ಟ ದಿವ್ಸ ಹೆಂಗ?"

"ಮೊದಲ ನೀವು ಕಲಸಿ ಬರೀತಿದ್ರೆಲ್ಲ, ಅದರಾಗ ನಡುವ ನಡುವ ಇಂಗ್ಲಿಷ್ ಶಬ್ದಾ ಇರ್ತಿದ್ವು. ಕಾಟನ್ ಅಂತ ಕಂಡ್ರ ಇದು ಆ ಸೀರೀದು ಅಂತ ಹಿಡೀತಿದ್ದೆ. ನಂಬರ್ ನೋಡಿ ಹೊಂದಸ್ತಿದ್ದೆ. ಉಳದದ್ದು ನಿಮ್ಮ ಬಾಯಿಲೆ ಕೇಳಿ ನೆನಪಿಟ್ಟುಕೊಳ್ತಿದ್ದೆ. ಮಾವಾರು ಎಲ್ಲಾ ಕನ್ನಡಾ ಮಾಡ್ಸಿದ್ರು, ಅಂಕೀನೂ ಹೋದ್ವು. ನನಗ ಹಿಡಕೊಳ್ಳಾಕ ಏನೂ ಉಳೀಲಿಲ್ಲ."

ಕಾಕಾನನ್ನು ಮಣ್ಣಿನ ಹೆಂಟೆಯ ಹಾಗೆ ಎಡವಿಸಿದ ಪದಗಳು ಇವರಿಗೆ ಹೊಳೆ ದಾಟುವ ಕಲ್ಲುಗಳಾಗಿದ್ದವು. ಅವರ ದುಃಖದ ನಡುವೆ ನನಗೆ ಹೊಳೆದದ್ದು ಇನ್ನೊಂದು. ನನ್ನ ದನಿಯಲ್ಲಿ ಕೇಳಿದರೇ ಮಜಾ ಅಂದದ್ದು. ಅವರು ನನ್ನನ್ನು ಕೇಳುತ್ತಿರಲಿಲ್ಲ, ಕ್ಯಾಪ್ಷನ್ ಕೇಳುತ್ತಿದ್ದರು. ಚಹಾ ಆರಿತ್ತು, ಕುಡಿದೆ.

"ಹೇಳಿಬಿಡ್ರಿ ಕಾಕಾಗ" ಎಂದು ಪಿಸುಗುಟ್ಟಿದೆ.

"ಬ್ಯಾಡ. ಹೆಬ್ಬೆಟ್ಟು ಅನಸಿಕೊಳ್ಳೂದಕ್ಕಿಂತ ಸೊಕ್ಕಿನಾಕಿ ಅನಸಿಕೊಳ್ಳೂದ ಹಗರ." ಎದ್ದು ನಿಂತು, "ನೀವ ಹೇಳ್ರಿ, ಇಂಗ್ಲಿಷ್ ಮ್ಯಾಲಿರಲಿ, ಅಂಕಿ ಮೊದಲಿನಂಗಿರಲಿ ಅಂತ. ನಿಮ್ಮ ಮಾತು ಕೇಳ್ತಾರ. ಈ ಫೋನ್ ಹೋದ್ರ ನಾ ಇಡೀ ದಿವ್ಸ ಯಾರ ಮುಂದ ಕೂಡ್ಲಿ?" ಅಂದರು.

ಅಮಾವಾಸ್ಯೆವರೆಗೂ ನಾನು ಅದನ್ನೇ ಲೆಕ್ಕ ಹಾಕಿದೆ. ಇಂಗ್ಲಿಷ್ ಮೇಲೆ ಅಂದರೆ ಅವರ ಸ್ಟೂಲು ಉಳಿಯುತ್ತದೆ. ಮಧ್ಯಾಹ್ನದ ಚಹಾ, ಮೆಟ್ಟಿಲ ಮೇಲಿನ ನಗು ಉಳಿಯುತ್ತದೆ. ಆದರೆ ದೇವಿಕೊಪ್ಪದ ಆ ಹಿರಿಯಾಕೆ ಮತ್ತೆ "ನಗಸೂದು ಬಿಟ್ಟಿಯೇನು" ಅನ್ನುತ್ತಾರೆ. ಅಂಗಡಿಗೆ ಬರುವ ನೂರು ಮಂದಿ "ಇನ್ನಷ್ಟು" ಒತ್ತದೆ ದಾಟಿ ಹೋಗುತ್ತಾರೆ. ಯಾರದಾದರೂ ದನಿ ತೆಗೆದು ಇದನ್ನು ಹೇಳಿ ಮುಗಿಸೋಣ ಅಂದರೆ, ಯಾರ ದನಿಯಲ್ಲಿ ಹೇಳಿದರೂ ಮಾತು ಅದೇ ಆಗುತ್ತಿತ್ತು.

ಅಮಾವಾಸ್ಯೆಯ ಪೂಜೆ ಮುಗಿಯಿತು. ಕಾಕಾ ಕಾಯಿ ಒಡೆದರು, ಹೋಳು ಹಂಚಿದರು, ಗಾದಿಯ ಮೇಲೆ ಕೂತರು. ಊದಿನಕಡ್ಡಿಯ ಹೊಗೆ ಸೀರೆಯ ಕಪಾಟುಗಳ ಮೇಲೆ ಹರಿಯುತ್ತಿತ್ತು. ವೈನಿ ಸ್ಟೂಲಿನ ಬಾಜು ನಿಂತಿದ್ದರು, ಕೂತಿರಲಿಲ್ಲ.

"ಹೇಳಪಾ. ಬರ್ಯಾಂವ ನೀನು. ಮ್ಯಾಲೆ ಯಾವ್ದು?"

ವೈನಿ ನನ್ನನ್ನೇ ನೋಡುತ್ತಿದ್ದರು.

"ಕನ್ನಡಾರಿ ಕಾಕಾ" ಅಂದೆ. ಅದು ನನ್ನದೇ ದನಿ, ಒಡಕು. "ಪರದೇ ಮ್ಯಾಲೆ ಕನ್ನಡಾ ಒಂದ ಇರಲಿ. ಗಿಡ್ಡ ಸಾಲು, ನಡುವ ಜಾಗಾ ಬಿಟ್ಟು, ತಳಕ್ಕ ಇಡದ ಒಂದೀಟು ಮ್ಯಾಲೆ. ಕೆಳಗಿನ ಬರಹದಾಗ ಮೊದಲ ಕನ್ನಡಾ, ಒಂದ ಸಾಲು ಖಾಲಿ, ಆಮ್ಯಾಲೆ ಇಂಗ್ಲಿಷ್. ಒಂದರಾಗ ಒಂದು ಕಲಸೂದು ಬ್ಯಾಡ. ಅಂಕಿ ಮಾತ್ರ ಎರಡೂ ಕಡೆ ಒಂದ ನಮೂನಿ ಇರಲಿ, ಚೀಟಿ ಮ್ಯಾಲಿದ್ದಂಗ. ಇಲ್ಲಾಂದ್ರ ಯಾರ ಹಾಕಿದ್ರೂ ತಪ್ಪತೈತಿ. ಮತ್ತ ಫೋನ್ ವೈನ್ಯಾರ ಕಡೇನ ಇರಲಿ."

"ಯಾಕ? ಅಕಿ ನೋಡೂದ ಇಲ್ಲಲ್ಲ."

ನನ್ನ ಹತ್ತಿರ ಅದಕ್ಕೆ ಉತ್ತರ ಇತ್ತು, ಕೊಡುವ ಹಾಗಿರಲಿಲ್ಲ. ಕಾಯಿಯ ಹೋಳು ಕೈಯಲ್ಲಿ ಹಿಡಿದು ನಿಂತೆ.

"ಅವ್ರನ ಯಾಕ ಕೇಳ್ತೀರಿ ಮಾವಾರ" ಅಂದರು ವೈನಿ. "ನನಗ ಕನ್ನಡಾ ಓದಾಕ ಬರೂದಿಲ್ಲ."

ಕಾಕಾ ಚಾಳೀಸು ತೆಗೆದರು. ಬೀದಿಯಲ್ಲಿ ಗದಗಿನ ಬಸ್ಸೊಂದು ಹಾರನ್ ಹೊಡೆದು ದಾಟಿತು. ವೈನಿ ಅಟ್ಟದಲ್ಲಿ ನನಗೆ ಹೇಳಿದ್ದನ್ನೇ, ಶಾಲೆಯ ಮಾತು, ನೋಡಲು ಬಂದ ದಿನದ ಮಾತು, ಎಲ್ಲವನ್ನೂ ಹೇಳಿದರು. ನಡುವೆ ಅಳಲಿಲ್ಲ. ನನ್ನ ಕಡೆ ಒಮ್ಮೆಯೂ ತಿರುಗಲಿಲ್ಲ.

"ಹುಚ್ಚಿ" ಅಂದರು ಕಾಕಾ ಕೊನೆಗೆ. "ಎರಡು ವರ್ಷ ಈ ಬಾಯಿ ಬಿಡಾಕ ಆಗಲಿಲ್ಲೇನು? ನಾ ಹೊರಗ ಎಲ್ಲಾರ ಮುಂದ ನನ್ನ ಸೊಸಿ ದೊಡ್ಡ ಸೊಕ್ಕಿನಾಕಿ ಅಂತ ಹೇಳ್ಕೋತ ಅಡ್ಡಾಡೀನಿ."

"ಗೊತ್ತೈತಿರಿ" ಅಂದರು ವೈನಿ. ಅವರ ಬಾಯಲ್ಲಿ 'ಅದ' ಹೋಗಿ ನಮ್ಮ 'ಐತಿ' ಬಂದದ್ದನ್ನು ನಾನು ಗಮನಿಸಿದೆ. ಬೇರೆ ಯಾರೂ ಗಮನಿಸಲಿಲ್ಲ.

"ಮರಾಠಿ ಓದಾಕ ಬರತೈತಿಲ್ಲೋ? ಕ ಖ ಗ ಘ ಅದರಾಗೂ ಅದ ಸಾಲು. ಅಕ್ಷರದ ಅಂಗಿ ಅಷ್ಟ ಬ್ಯಾರೆ. ಕೂಡ ಇಲ್ಲೆ." ಕಾಕಾ ಕೈಯಿಂದ ಸ್ಟೂಲು ತಟ್ಟಿದರು. ನನ್ನ ಕಡೆ ನೋಡಿ, "ಲೇ, ನೀ ಏನ ನಿಂತೀ? ಮ್ಯಾಲೆ ಹೋಗಿ ಬರಿ. ಸಣ್ಣ ಸಣ್ಣ ಶಬ್ದಾ ಹಾಕು" ಅಂದರು.

ಅಂದಿನಿಂದ ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಕೆಳಗೆ ಪಾಠ. ನಾನು ಬರೆದು ಕಳಿಸಿದ್ದನ್ನು ಕಾಕಾ ಬೆರಳು ಇಟ್ಟು ತೋರಿಸುತ್ತಿದ್ದರು. ವೈನಿ ಅಕ್ಷರಕ್ಕೆ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದುತ್ತಿದ್ದರು. ನಾನು ಒತ್ತಕ್ಷರ ಕಡಿಮೆ ಇರುವ ನಗೆಮಾತು ಹುಡುಕುತ್ತ ಅಟ್ಟದಲ್ಲಿ ಕೂರುತ್ತಿದ್ದೆ. ಅಂಥವು ಕನ್ನಡದಲ್ಲಿ ಎಷ್ಟು ಕಡಿಮೆ ಎಂದು ಆಗ ತಿಳಿಯಿತು. ಚಹಾ ಈಗ ವೈನಿ ಕೆಳಗಿನಿಂದಲೇ ಕೂಗಿ ಕೊಡುತ್ತಿದ್ದರು, ನಾನೇ ಇಳಿದು ತರಬೇಕು. ಕೋಪ ಇತ್ತೋ ಇಲ್ಲವೋ ಗೊತ್ತಿಲ್ಲ. ಕೆಲಸದ ಮಾತು ಆಡುತ್ತಿದ್ದರು, ನನ್ನ ಓದು ಮಾತ್ರ ಕೇಳುತ್ತಿರಲಿಲ್ಲ.

ಆದರೂ ಮೆಟ್ಟಿಲ ಸಂದಿಯಿಂದ ಅವರ ಓದು ಮೇಲೆ ಬರುತ್ತಿತ್ತು. "ಸೆ... ರ... ಗು... ಸೆರಗು. ಸೆರಗ ಹಿಡದ..." ನನ್ನ ಅತ್ತೆ, ನನ್ನ ಗಂಡ, ನನ್ನ ಅಕ್ಕ-ತಂಗಿ, ಎಲ್ಲರೂ ಅವರ ಬಾಯಲ್ಲಿ ಒಂದೇ ದನಿಯವರು, ಎಲ್ಲರೂ ತೊದಲುವವರು. ಸಾಲು ಮುಗಿದು ಒಂದು ಗಳಿಗೆ ಏನೂ ಇರುತ್ತಿರಲಿಲ್ಲ. ಆಮೇಲೆ ನಗು ಬರುತ್ತಿತ್ತು. ಅದು ಬರುವವರೆಗೆ ನಾನು ಮುಂದಿನ ಸಾಲು ಬರೆಯುತ್ತಿರಲಿಲ್ಲ.

ತಿಂಗಳುಗಳು ಕಳೆದಂತೆ ಓದು ವೇಗವಾಯಿತು. ನಿಲ್ಲುವುದು ಕಡಿಮೆಯಾಯಿತು. ಕಾಕಾ ಬಾಜು ಕೂರುವುದನ್ನು ಬಿಟ್ಟರು. ಬರಬರುತ್ತ ವೈನಿಯ ಓದುವ ದನಿ ಸಣ್ಣದಾಯಿತು, ಗುಣುಗುಣು ಆಯಿತು. ಈಚೆಗೆ ಒಂದು ಮಧ್ಯಾಹ್ನ ಹೊಸದೊಂದನ್ನು ಕಳಿಸಿ ಕಿವಿ ಕೊಟ್ಟು ಕೂತೆ. ಏನೂ ಕೇಳಲಿಲ್ಲ. ಕರೆಂಟ್ ಇತ್ತು, ಫ್ಯಾನ್ ತಿರುಗುತ್ತಿತ್ತು. ಮೆಟ್ಟಿಲ ಮೇಲಿಂದ ಬಗ್ಗಿ ನೋಡಿದೆ. ವೈನಿ ಸ್ಟೂಲಿನ ಮೇಲೆ ಕೂತು, ಮೊಣಕಾಲ ಮೇಲೆ ಫೋನ್ ಇಟ್ಟುಕೊಂಡು, ಎಲ್ಲರ ಹಾಗೆ ಬಾಯಿ ಮುಚ್ಚಿ ಓದುತ್ತಿದ್ದರು. ಕಣ್ಣು ಎಡದಿಂದ ಬಲಕ್ಕೆ ಸರಿಯುತ್ತಿತ್ತು. ಕೊನೆಯ ಸಾಲಿಗೆ ಬಂದಾಗ ಹೆಗಲು ಒಂದಿಷ್ಟು ಕುಲುಕಿತು.

ಅಷ್ಟೇ. ಪೋಸ್ಟ್ ಆಯಿತು ಅಂತ ನನ್ನ ಫೋನು ಸದ್ದು ಮಾಡಿತು. ನಾನು ಹಿಂದಕ್ಕೆ ಸರಿದು ಗಂಟುಗಳ ನಡುವೆ ಕೂತೆ.